ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿ, ಆದರೂ ನೆಟ್ ತಡವರಿಸುತ್ತದೆ: ಪ್ಲಗ್ಗಿನೊಳಗೆ ಜೋಡಿ ಒಡೆದಾಗ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಜಗಲಿಯಲ್ಲಿರುವ ರೂಟರ್‌ನಿಂದ ಹಿಂದಿನ ಮಹಡಿ ಕೋಣೆಗೆ ಸುಮಾರು 40 ಮೀಟರ್ ಕ್ಯಾಟ್5ಇ ನೆಟ್‌ವರ್ಕ್ ಕೇಬಲ್ ಎಳೆದು, ಎರಡೂ ತುದಿಗೆ ನಾನೇ ಪ್ಲಗ್ ಹಾಕಿದೆ. ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತುತ್ತೆ, ರೂಟರ್‌ಗೆ ಕಳಿಸಿದ ಪಿಂಗ್‌ಗೆ ಉತ್ತರ ಕೂಡ ಬರುತ್ತೆ. ಆದರೆ ರೂಟರ್ ಪಕ್ಕ 90 ಇರುವ ಸ್ಪೀಡು ಮೇಲೆ 3–4ಕ್ಕೆ ಬೀಳುತ್ತೆ, ವಿಡಿಯೊ ಕಾಲ್ ನಿಲ್ಲುತ್ತೆ, ಕೆಲವು ಸಲ ಲಿಂಕೇ ಹೋಗಿ ಬರುತ್ತೆ. ಅಂಗಡಿಯವರು "ನಮ್ಮ ಕಡೆ ಮಳೆಗೆ ಕೇಬಲ್ ಶೀತ ಹಿಡಿಯುತ್ತೆ, ಕ್ಯಾಟ್6 ಹಾಕಿ" ಅಂದರು. ಎಲೆಕ್ಟ್ರಿಷಿಯನ್ "ಎರಡೂ ಕಡೆ ಒಂದೇ ಬಣ್ಣ ಇದ್ದರೆ ಸಾಕು, ಕ್ರಮ ಯಾವುದಾದರೇನು" ಅಂದರು. ಇಡೀ ಕೇಬಲ್ ಬದಲಾಯಿಸಬೇಕಾ?

ಉತ್ತರ: ಬೇಡ. ನೀವು ಬರೆದ ಕ್ರಮದಲ್ಲೇ ಕಾರಣ ಇದೆ. ನಾಲ್ಕನೇ ಜಾಗದಲ್ಲಿ ಹಸಿರು, ಆರನೇ ಜಾಗದಲ್ಲಿ ನೀಲಿ ಕೂತಿದೆ. ಅವೆರಡು ಅದಲುಬದಲಾಗಬೇಕು, ಉಳಿದ ಆರು ತಂತಿಗಳು ಈಗ ಇರುವಲ್ಲೇ ಸರಿಯಾಗಿವೆ. ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದು ಹಾಕಿದರೆ ಖರ್ಚು ಎರಡು ಪ್ಲಗ್ಗಿನದು ಮಾತ್ರ.

ಎರಡೂ ತುದಿಗೆ ಒಂದೇ ಥರ ಹಾಕುವ ಸ್ಟ್ರೇಟ್ ಕೇಬಲ್‌ಗೆ ಸರಿಯಾದ ಕ್ರಮ 568ಬಿ, ಅದು ಹೀಗೆ: 1 ಬಿಳಿ-ಕಿತ್ತಳೆ, 2 ಕಿತ್ತಳೆ, 3 ಬಿಳಿ-ಹಸಿರು, 4 ನೀಲಿ, 5 ಬಿಳಿ-ನೀಲಿ, 6 ಹಸಿರು, 7 ಬಿಳಿ-ಕಂದು, 8 ಕಂದು. ಕೆಲಸದವರ ಬಾಯಲ್ಲಿ ಇದು "ವೈಟ್ ಆರೆಂಜ್ ಆರೆಂಜ್, ವೈಟ್ ಗ್ರೀನ್ ಬ್ಲೂ, ವೈಟ್ ಬ್ಲೂ ಗ್ರೀನ್, ವೈಟ್ ಬ್ರೌನ್ ಬ್ರೌನ್" ಎಂದು ಓಡುತ್ತದೆ. ಮೊದಲ ಸಲ ಪ್ಲಗ್ ಹಾಕುವವರಿಗೆ ನಿಮ್ಮ ಕ್ರಮವೇ ಸಹಜ ಅನಿಸುವುದು, ಏಕೆಂದರೆ ಅದರಲ್ಲಿ ಪ್ರತಿ ಬಣ್ಣವೂ ತನ್ನ ಬಿಳಿಯ ಪಕ್ಕದಲ್ಲೇ ಇದೆ. ಕೇಬಲ್‌ನೊಳಗೂ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ, ಪ್ರತಿ ಬಣ್ಣವೂ ತನ್ನ ಬಿಳಿಯೊಂದಿಗೆ ಹೊಸೆದುಕೊಂಡಿರುತ್ತದೆ. ನಿಜವಾದ ಕ್ರಮದಲ್ಲಿ ಮಾತ್ರ ಹಸಿರು ಜೋಡಿ ನಡುವೆ ಜಾಗ ಬಿಟ್ಟುಕೊಂಡು, ನೀಲಿ ಜೋಡಿಯನ್ನು ಒಳಗೆ ಕೂರಿಸಿಕೊಳ್ಳುತ್ತದೆ.

ಹೀಗೆ ಇಟ್ಟಿದ್ದಕ್ಕೆ ಕಾರಣ ಟೆಲಿಫೋನು. ಫೋನ್ ಪ್ಲಗ್ಗಿನಲ್ಲಿ ಮೊದಲ ಲೈನು ನಟ್ಟನಡುವಿನ ಎರಡು ಪಿನ್ನಿಗೆ, ಎರಡನೇ ಲೈನು ಅದರ ಆಚೆ ಈಚೆಯ ಪಿನ್ನಿಗೆ ಬರುತ್ತಿತ್ತು. ಎಂಟು ಪಿನ್ನಿನ ಪ್ಲಗ್ಗಿಗೆ ಬಣ್ಣದ ಕ್ರಮ ಗೊತ್ತುಮಾಡುವಾಗ ಆ ಏರ್ಪಾಡನ್ನು ಉಳಿಸಿಕೊಂಡರು. ಹಾಗಾಗಿ 4 ಮತ್ತು 5 ಒಂದು ಜೋಡಿ, ಅದನ್ನು ಸುತ್ತುವರಿದ 3 ಮತ್ತು 6 ಇನ್ನೊಂದು ಜೋಡಿ, ಎಡಕ್ಕೆ 1-2, ಬಲಕ್ಕೆ 7-8. ನೆಟ್‌ವರ್ಕ್ ಉಪಕರಣಗಳು ಎಲ್ಲವೂ ಈ ಜೋಡಿಗಳನ್ನೇ ನಂಬಿ ಕೆಲಸ ಮಾಡುತ್ತವೆ. ನಿಮ್ಮ ರೂಟರ್ 3 ಮತ್ತು 6ನ್ನು ಒಂದೇ ಜೋಡಿ ಎಂದು ತಿಳಿದಿದೆ, ನಿಮ್ಮ ಕೇಬಲ್‌ನಲ್ಲಿ ಅಲ್ಲಿರುವುದು ಬಿಳಿ-ಹಸಿರು ಮತ್ತು ನೀಲಿ. ಅವೆರಡೂ ಬೇರೆ ಬೇರೆ ಜೋಡಿಗೆ ಸೇರಿದವು. ಇದನ್ನೇ ಸ್ಪ್ಲಿಟ್ ಪೇರ್, ಒಡೆದ ಜೋಡಿ ಅನ್ನುವುದು.

ಬಣ್ಣವಲ್ಲ, ಹುರಿ ಮುಖ್ಯ

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ತಾಮ್ರಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಹಸಿರು ಜೋಡಿ ಇರುವಲ್ಲಿ ಪೂರ್ತಿ ಕಂದು ಜೋಡಿಯನ್ನೂ, ಕಂದು ಇರುವಲ್ಲಿ ಪೂರ್ತಿ ಹಸಿರನ್ನೂ ಎರಡೂ ತುದಿಯಲ್ಲಿ ಹಾಕಿದರೆ ಕೇಬಲ್ ಚೆನ್ನಾಗಿಯೇ ಓಡುತ್ತದೆ. 568ಎ ಎನ್ನುವ ಇನ್ನೊಂದು ಕ್ರಮದಲ್ಲಿ ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ ಜಾಗ ಬದಲಿಸಿಕೊಂಡಿರುತ್ತವೆ, ಅದರಿಂದಲೂ ತೊಂದರೆ ಇಲ್ಲ. ಆದರೆ ಈ ಎಲ್ಲದರಲ್ಲೂ 3 ಮತ್ತು 6ಕ್ಕೆ ಬರುವ ಎರಡು ತಂತಿಗಳು ಕೇಬಲ್ ಉದ್ದಕ್ಕೂ ಒಂದಕ್ಕೊಂದು ಹೊಸೆದುಕೊಂಡವೇ ಆಗಿರುತ್ತವೆ. ಅದೊಂದು ಮುರಿಯಿತೋ, ಎರಡೂ ಕಡೆ ಬಣ್ಣ ಎಷ್ಟೇ ಹೊಂದಿಕೊಂಡಿದ್ದರೂ ಪ್ರಯೋಜನವಿಲ್ಲ.

ಹುರಿ ಏಕೆ ಬೇಕು ಎಂದು ನೋಡಿ. ಜೋಡಿಯ ಒಂದು ತಂತಿಯಲ್ಲಿ ಸಿಗ್ನಲ್ ಮೇಲೇರಿದಾಗ ಇನ್ನೊಂದರಲ್ಲಿ ಅಷ್ಟೇ ಕೆಳಗಿಳಿಯುತ್ತದೆ, ಆ ತುದಿಯ ಚಿಪ್ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತದೆ. ಹೊರಗಿನಿಂದ ಬಂದ ಗದ್ದಲ, ಅದು ಪಕ್ಕದ ಜೋಡಿಯದಿರಲಿ, ಮೋಟರ್ ವೈರಿನದಿರಲಿ, ಹೊಸೆದ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೀಳುತ್ತದೆ. ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ. ಒಂದೇ ಕೇಬಲ್‌ನಲ್ಲಿ ನಾಲ್ಕು ಜೋಡಿಗಳ ಹುರಿ ಬೇರೆ ಬೇರೆ ಬಿಗಿಯಲ್ಲಿರುವುದೂ ಇದೇ ಕಾರಣಕ್ಕೆ. ಪಕ್ಕದ ಜೋಡಿ ಇಡೀ ಉದ್ದಕ್ಕೂ ಒಂದೇ ತಂತಿಗೆ ಹತ್ತಿರವಾಗಿ ಸಾಗಬಾರದು. ಕೇಬಲ್ ಸುಲಿದಾಗ ಒಂದು ಜೋಡಿಯ ಸುತ್ತು ಬಿಗಿಯಾಗಿ, ಇನ್ನೊಂದರದು ಸಡಿಲವಾಗಿ ಕಾಣುವುದನ್ನು ನೀವೂ ಗಮನಿಸಿರಬಹುದು.

ಈಗ ನಿಮ್ಮ ಕೇಬಲ್‌ನೊಳಗೆ ಬನ್ನಿ. 3ನೇ ಪಿನ್ನಿನ ಬಿಳಿ-ಹಸಿರು ತಂತಿ ಹೊಸೆದುಕೊಂಡಿರುವುದು ಹಸಿರಿನ ಜೊತೆ, ಆ ಹಸಿರು ಇರುವುದು 4ನೇ ಪಿನ್ನಿನಲ್ಲಿ. 6ನೇ ಪಿನ್ನಿನ ನೀಲಿ ಹೊಸೆದುಕೊಂಡಿರುವುದು ಬಿಳಿ-ನೀಲಿಯ ಜೊತೆ, ಅದಿರುವುದು 5ರಲ್ಲಿ. ಅಂದರೆ 3-6 ಎಂಬ ದಾರಿಯ ಎರಡು ತಂತಿಗಳಿಗೆ ಪರಸ್ಪರ ಹುರಿಯೇ ಇಲ್ಲ, ಬದಲಿಗೆ ಎರಡೂ 4-5 ಎಂಬ ದಾರಿಯ ತಂತಿಗಳನ್ನು 40 ಮೀಟರ್ ಉದ್ದಕ್ಕೂ ತಬ್ಬಿಕೊಂಡು ಹೋಗುತ್ತಿವೆ. ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುವುದನ್ನು ತಡೆಯಬೇಕಾದ ಹುರಿ ಈಗ ಆ ಸೋರಿಕೆಯನ್ನೇ ಹೆಚ್ಚಿಸುತ್ತಿದೆ. ಈ ಸೋರಿಕೆಗೆ ಕ್ರಾಸ್‌ಟಾಕ್ ಅನ್ನುತ್ತಾರೆ.

100 ಎಂಬಿಪಿಎಸ್ ಲಿಂಕ್‌ಗೆ ಬೇಕಾಗುವುದು 1-2 ಮತ್ತು 3-6 ಮಾತ್ರ. ಸ್ಟ್ರೇಟ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್ 1-2ರಲ್ಲಿ ಕಳಿಸುತ್ತದೆ, 3-6ರಲ್ಲಿ ಕೇಳಿಸಿಕೊಳ್ಳುತ್ತದೆ. ನಿಮ್ಮಲ್ಲಿ ಕೇಳಿಸಿಕೊಳ್ಳುವ ದಾರಿಯೇ ಒಡೆದಿದೆ. 40 ಮೀಟರ್ ದಾಟಿ ಬಂದ ಸಿಗ್ನಲ್ ಸೊರಗಿರುತ್ತದೆ, ಅದೇ ತುದಿಯಲ್ಲಿ ಕಂಪ್ಯೂಟರ್ ತಾನು ಆಗತಾನೆ ಕಳಿಸುತ್ತಿರುವ ಜೋರಾದ ಸಿಗ್ನಲ್ ಪಕ್ಕದಿಂದ ಸೋರಿ ಅದರ ಮೇಲೆ ಬೀಳುತ್ತದೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಲಿಂಕ್ ಆದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅದರಲ್ಲಿ ನಾಲ್ಕೂ ಜೋಡಿಗಳು ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ ಒಂದನ್ನೊಂದು ಸುತ್ತಿಕೊಂಡ 3-6 ಮತ್ತು 4-5 ಸದಾ ಪರಸ್ಪರ ಕೆಡಿಸುತ್ತಿರುತ್ತವೆ.

ಲಿಂಕ್ ಹೋಗಿ ಬರುವುದು ಏಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಎರಡು ತುದಿಯ ಉಪಕರಣಗಳು ಎಷ್ಟು ವೇಗದಲ್ಲಿ ಮಾತಾಡೋಣ ಎಂದು ಗೊತ್ತುಮಾಡಿಕೊಳ್ಳುವುದು ನಿಧಾನಗತಿಯ ಸಣ್ಣ ಮಿಡಿತಗಳಿಂದ. ಆ ಮಿಡಿತಗಳು ಕೆಟ್ಟ ಕೇಬಲ್‌ನಲ್ಲೂ ದಾಟುತ್ತವೆ, ಕೇಬಲ್ ಹೇಗಿದೆ ಎಂದು ಅವು ಅಳೆಯುವುದಿಲ್ಲ. ಹಾಗಾಗಿ ಎರಡೂ ಕಡೆ ಗಿಗಾಬಿಟ್ ಎಂದು ಒಪ್ಪಿಕೊಳ್ಳುತ್ತವೆ, ಆಮೇಲೆ ನಿಜವಾದ ಸಿಗ್ನಲ್ ಹೊಂದಿಸಿಕೊಳ್ಳಲು ಹೋಗಿ ಸೋಲುತ್ತವೆ. ಕೆಲವು ಚಿಪ್‌ಗಳು ಎರಡು ಮೂರು ಸಲ ಯತ್ನಿಸಿ ತಾವೇ 100ಕ್ಕೆ ಇಳಿಯುತ್ತವೆ. ಕೆಲವು ಹತ್ತುತ್ತಾ ಆರುತ್ತಾ ಇರುತ್ತವೆ.

ಉದ್ದ ಹೆಚ್ಚಿದಷ್ಟೂ ಕಾಟ ಹೆಚ್ಚು. ಎರಡು ಮೀಟರಿನ ತುಂಡಿಗೆ ಇದೇ ತಪ್ಪು ಕ್ರಮದಲ್ಲಿ ಪ್ಲಗ್ ಹಾಕಿದರೆ 100ರಲ್ಲಿ ಏನೂ ಆಗದಂತೆ ಓಡಬಹುದು. "ನಾನು ಹೀಗೇ ಹಾಕ್ತೀನಿ, ಎಲ್ಲಾ ಕಡೆ ಕೆಲಸ ಮಾಡುತ್ತೆ" ಎಂಬ ಮಾತು ಹುಟ್ಟುವುದು ಇಂಥ ಗಿಡ್ಡ ಕೇಬಲ್‌ಗಳಿಂದ.

ಟೆಸ್ಟರ್ ಕಾಣದ್ದನ್ನು ಕಾಣುವುದು ಹೇಗೆ

ದೀಪ ಓಡುವ ಅಗ್ಗದ ಟೆಸ್ಟರ್ ಸುಳ್ಳು ಹೇಳಿಲ್ಲ. ಅದು ಬ್ಯಾಟರಿಯ ಕರೆಂಟನ್ನು ಒಂದೊಂದೇ ತಂತಿಗೆ ಕೊಟ್ಟು, ಈ ತುದಿಯ 4 ಆ ತುದಿಯ 4ಕ್ಕೆ ಮುಟ್ಟಿತೇ ಎಂದಷ್ಟೇ ನೋಡುತ್ತದೆ. ತುಂಡಾದ ತಂತಿ, ಒಂದಕ್ಕೊಂದು ತಾಗಿದ ತಂತಿ, ಅದಲುಬದಲಾದ ಜಾಗ ಇವು ಅದಕ್ಕೆ ಸಿಗುತ್ತವೆ. ಯಾವ ತಂತಿ ಯಾವುದಕ್ಕೆ ಹೊಸೆದಿದೆ ಎಂಬುದು ಬ್ಯಾಟರಿ ಕರೆಂಟಿಗೆ ಕಾಣುವ ಸಂಗತಿಯೇ ಅಲ್ಲ. ಜೋಡಿಗಳ ನಡುವಿನ ಸೋರಿಕೆ ಅಳೆಯುವ ದುಬಾರಿ ಟೆಸ್ಟರ್‌ಗಳು ಸ್ಪ್ಲಿಟ್ ಎಂದು ತೋರಿಸುತ್ತವೆ, ಆದರೆ ಮನೆಯ ಒಂದು ಕೇಬಲ್‌ಗೆ ಅದರ ಅಗತ್ಯವಿಲ್ಲ. ಪ್ಲಗ್ ಪಾರದರ್ಶಕವಾಗಿದ್ದರೆ ಬೆಳಕಿಗೆ ಹಿಡಿದು 3 ಮತ್ತು 6ನ್ನು ನೋಡಿ. ಅವೆರಡು ಒಂದೇ ಬಣ್ಣದ ಬಿಳಿ ಮತ್ತು ತುಂಬು ಬಣ್ಣ ಆಗಿರದಿದ್ದರೆ ಜೋಡಿ ಒಡೆದಿದೆ.

ಕಂಪ್ಯೂಟರಿನಲ್ಲೂ ಇದರ ಗುರುತು ಹಿಡಿಯಬಹುದು. ಮೊದಲು ವೈಫೈ ಆಫ್ ಮಾಡಿ, ಇಲ್ಲವಾದರೆ ಪರೀಕ್ಷೆ ಕೇಬಲ್ ಮೇಲೆ ಹೋಗದೆ ಗಾಳಿಯಲ್ಲಿ ಹೋಗಿಬಿಡುತ್ತದೆ. ನಿಮ್ಮ ರೂಟರ್‌ನ ವಿಳಾಸ 192.168.1.1 ಎಂದಿಟ್ಟುಕೊಂಡರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಕೊಡಿ:

```
ping -n 200 -l 1400 192.168.1.1
```

ಬರೀ `ping` ಎಂದು ಕೊಟ್ಟರೆ ವಿಂಡೋಸ್ 32 ಬೈಟಿನ ನಾಲ್ಕೇ ನಾಲ್ಕು ಪ್ಯಾಕೆಟ್ ಕಳಿಸುತ್ತದೆ. ತಲೆಬರಹ ಎಲ್ಲ ಸೇರಿ ತಂತಿಯ ಮೇಲೆ ಹೋಗುವುದು ಎಂಬತ್ತು ಬೈಟಿಗಿಂತ ಕಡಿಮೆ. 1400 ಎಂದು ಕೊಟ್ಟಾಗ ಅದು ಸುಮಾರು 18 ಪಟ್ಟು ದೊಡ್ಡದಾಗುತ್ತದೆ. ಒಂದೇ ಒಂದು ಬಿಟ್ ಕೆಟ್ಟರೂ ಇಡೀ ಪ್ಯಾಕೆಟ್ ಕಸ, ಆದ್ದರಿಂದ ಪ್ಯಾಕೆಟ್ ದೊಡ್ಡದಾದಷ್ಟೂ ಕೆಡುವ ಸಂಭವ ಹೆಚ್ಚು. ದೊಡ್ಡ ಪ್ಯಾಕೆಟ್‌ನಲ್ಲಿ ಹತ್ತಕ್ಕೆ ಒಂದು ಕಳೆಯುತ್ತಿರುವ ಕೇಬಲ್‌ನಲ್ಲಿ ಸಣ್ಣದು ಕಳೆಯುವುದು ನೂರೈವತ್ತು ಇನ್ನೂರಕ್ಕೆ ಒಂದು. ನಾಲ್ಕು ಪಿಂಗ್ ನೋಡಿ ಕೇಬಲ್ ಸರಿ ಎಂದು ತೀರ್ಮಾನಿಸಿದರೆ ಮೋಸ ಹೋಗುವುದು ಹೀಗೆ. ಸ್ಪೀಡ್ 90ರಿಂದ 3ಕ್ಕೆ ಬೀಳುವುದಕ್ಕೂ ಇದೇ ಮೂಲ: ಡೌನ್‌ಲೋಡ್ ಹೋಗುವುದು ದೊಡ್ಡ ಪ್ಯಾಕೆಟ್‌ಗಳಲ್ಲಿ, ಒಂದು ಕಳೆದಾಗ ಕಳಿಸುವ ಕಡೆಯವರು ದಾರಿಯಲ್ಲಿ ದಟ್ಟಣೆ ಆಗಿದೆ ಎಂದು ಭಾವಿಸಿ ವೇಗ ತಗ್ಗಿಸುತ್ತಾರೆ. ಮತ್ತೆ ಮತ್ತೆ ಕಳೆಯುತ್ತಿದ್ದರೆ ವೇಗ ಮೇಲೇಳುವುದೇ ಇಲ್ಲ.

ಲಿಂಕ್ ಎಷ್ಟಕ್ಕೆ ನಿಂತಿದೆ, ಎಷ್ಟು ಪ್ಯಾಕೆಟ್ ಕೆಟ್ಟಿವೆ ಎಂದು ಪವರ್‌ಶೆಲ್‌ನಲ್ಲಿ ನೋಡಬಹುದು:

```
Get-NetAdapter
Get-NetAdapterStatistics | Format-List *
```

ಮೊದಲನೆಯದರಲ್ಲಿ `LinkSpeed`, ಎರಡನೆಯದರಲ್ಲಿ `ReceivedPacketErrors` ನೋಡಿ. ಐದು ನಿಮಿಷ ಏನಾದರೂ ಡೌನ್‌ಲೋಡ್ ಮಾಡಿ ಮತ್ತೆ ನೋಡಿದಾಗ ಆ ಸಂಖ್ಯೆ ಏರುತ್ತಿದ್ದರೆ ದೋಷ ತಂತಿಯ ಮಟ್ಟದ್ದು. ಕೆಲವು ಡ್ರೈವರ್‌ಗಳು ಇದನ್ನು ಎಣಿಸದೆ ಸೊನ್ನೆಯಲ್ಲೇ ಬಿಡುತ್ತವೆ, ಆದ್ದರಿಂದ ಸೊನ್ನೆ ಕಂಡರೆ ನಿರಾಳವಾಗಬೇಡಿ, ದೊಡ್ಡ ಪಿಂಗನ್ನೇ ನಂಬಿ. ಅದೇ ಲ್ಯಾಪ್‌ಟಾಪನ್ನು ರೂಟರ್ ಪಕ್ಕಕ್ಕೆ ತಂದು, ಅದೇ ಪೋರ್ಟಿಗೆ ಕಂಪನಿ ಪ್ಲಗ್ ಇರುವ ರೆಡಿಮೇಡ್ ಪ್ಯಾಚ್ ಕಾರ್ಡ್‌ನಿಂದ ಜೋಡಿಸಿ ಇದನ್ನೇ ಮಾಡಿ. ಅಲ್ಲಿ ಇನ್ನೂರಕ್ಕೆ ಇನ್ನೂರೂ ಬಂದರೆ ಲ್ಯಾಪ್‌ಟಾಪ್, ಪೋರ್ಟ್ ಎರಡೂ ಸರಿ ಎಂದಾಯಿತು.

ಶೀತದ ವಿಷಯ. ಮಲೆನಾಡಿನ ಮಳೆಗಾಲದಲ್ಲಿ ಪ್ಲಗ್ಗಿನ ಪಿನ್ ಕಿಲುಬು ಹಿಡಿಯುವುದು, ಹೊರಗೆ ಎಳೆದ ಕೇಬಲ್‌ನ ಸಿಪ್ಪೆ ಬಿರಿದು ನೀರು ಇಳಿಯುವುದು ನಿಜವಾದ ತೊಂದರೆಗಳೇ. ಆದರೆ ಅವುಗಳ ನಡೆ ಬೇರೆ. ಮೊದಲು ಚೆನ್ನಾಗಿದ್ದು ಕ್ರಮೇಣ ಕೆಡುತ್ತವೆ, ಮಳೆ ಹಿಡಿದಾಗ ಹೆಚ್ಚಿ ಬಿಸಿಲು ಬಂದಾಗ ತಗ್ಗುತ್ತವೆ, ಟೆಸ್ಟರ್‌ನಲ್ಲಿ ಯಾವುದೋ ದೀಪ ಮಂಕಾಗುತ್ತದೆ ಅಥವಾ ಹತ್ತುವುದೇ ಇಲ್ಲ. ಒಡೆದ ಜೋಡಿ ಹಾಕಿದ ದಿನದಿಂದಲೇ ಕಾಡುತ್ತದೆ, ಬೇಸಿಗೆಯಲ್ಲೂ ಹಾಗೇ ಇರುತ್ತದೆ. ಕ್ಯಾಟ್6 ಎಳೆದು ಇದೇ ಕ್ರಮದಲ್ಲಿ ಪ್ಲಗ್ ಹಾಕಿದರೆ ಇದೇ ತೊಂದರೆ ಹೊಸ ಕೇಬಲ್‌ನಲ್ಲೂ ಬರುತ್ತದೆ.

ಹೊಸ ಪ್ಲಗ್ ಹಾಕುವುದು

ಹಳೆಯ ಪ್ಲಗ್ಗಿನ ಹಿಂದೆ ಕತ್ತರಿಸಿ. ಒತ್ತಿದ ಪ್ಲಗ್ ಮತ್ತೆ ಬಿಚ್ಚಿ ಬಳಸಲು ಬರುವುದಿಲ್ಲ. ಹೊರಗಿನ ಸಿಪ್ಪೆಯನ್ನು 25ರಿಂದ 30 ಮಿಲಿಮೀಟರ್ ಸುಲಿಯಿರಿ. ಬ್ಲೇಡನ್ನು ಪೂರ್ತಿ ಒತ್ತದೆ ಸುತ್ತಲೂ ಗೀರು ಹಾಕಿ ಬಾಗಿಸಿದರೆ ಸಿಪ್ಪೆ ತಾನೇ ಬಿಡುತ್ತದೆ. ಒಳಗಿನ ತಂತಿಗಳ ಬಣ್ಣದ ಪದರಕ್ಕೆ ಗಾಯ ಆಗಿದ್ದರೆ ಕತ್ತರಿಸಿ ಮತ್ತೆ ಸುಲಿಯುವುದೇ ಒಳ್ಳೆಯದು.

ನಾಲ್ಕೂ ಜೋಡಿಯ ಹುರಿಯನ್ನು ಒಟ್ಟಿಗೆ ಬಿಚ್ಚಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಕಡಿಮೆ ಬೆಲೆಯ ಕೇಬಲ್‌ನಲ್ಲಿ ಬಿಳಿ ತಂತಿಯ ಮೇಲಿನ ಬಣ್ಣದ ಗೆರೆ ತೀರಾ ತೆಳು. ಹುರಿ ಬಿಚ್ಚಿ ಬಿಟ್ಟರೆ ನಾಲ್ಕು ಬಿಳಿಗಳೂ ಒಂದೇ ಥರ ಕಾಣುತ್ತವೆ. ಜೊತೆಯ ತಂತಿಯಿಂದ ಬೇರೆಯಾದ ಬಿಳಿ ಯಾರದು ಎಂದು ಹೇಳಲು ಆಮೇಲೆ ಬೇರೆ ದಾರಿ ಇಲ್ಲ. ಬಿಳಿ-ಹಸಿರು ಮತ್ತು ಬಿಳಿ-ಕಂದು ಹೀಗೆ ಅದಲುಬದಲಾಗಿ, ಎರಡೂ ತುದಿಯಲ್ಲಿ ಒಂದೇ ಥರ ತಪ್ಪಿದರೆ ಅದೂ ಒಡೆದ ಜೋಡಿಯೇ, ಟೆಸ್ಟರ್ ಅದನ್ನೂ ಸರಿ ಎನ್ನುತ್ತದೆ.

ಆದ್ದರಿಂದ ಮೊದಲು ಜೋಡಿಗಳನ್ನೇ ಜೋಡಿಸಿಕೊಳ್ಳಿ: ಎಡಕ್ಕೆ ಕಿತ್ತಳೆ, ಬಲಕ್ಕೆ ಕಂದು, ನಡುವೆ ಹಸಿರು ಮತ್ತು ನೀಲಿ. ಕಿತ್ತಳೆ ಬಿಚ್ಚಿ, ಬಿಳಿ ಎಡಕ್ಕೆ ಬರುವಂತೆ ಹೆಬ್ಬೆರಳಿನ ಕೆಳಗೆ ಹಿಡಿದುಕೊಳ್ಳಿ. ಆಮೇಲೆ ಹಸಿರನ್ನು ಬಿಚ್ಚಿ ಕವಲಿನಂತೆ ಅಗಲಿಸಿ, ಬಿಳಿ-ಹಸಿರು ಎಡಕ್ಕೆ, ಹಸಿರು ಬಲಕ್ಕೆ. ಆ ಕವಲಿನ ನಡುವೆ ನೀಲಿ ಜೋಡಿಯನ್ನು ತಂದು ಬಿಚ್ಚಿ, ನೀಲಿ ಎಡಕ್ಕೆ, ಬಿಳಿ-ನೀಲಿ ಬಲಕ್ಕೆ. ಉಳಿದ ಮೂರು ಜೋಡಿಗಳಲ್ಲಿ ಬಿಳಿ ಮೊದಲು, ನೀಲಿಯಲ್ಲಿ ಮಾತ್ರ ಬಣ್ಣ ಮೊದಲು. ಇದೊಂದು ಎರಡೂ ತುದಿಯಲ್ಲಿ ತಿರುಗಿದ್ದರೆ ಜೋಡಿ ಒಡೆಯುವುದಿಲ್ಲ, ಆದರೂ ಸರಿಯಾಗಿಯೇ ಹಾಕಿ. ಕೊನೆಗೆ ಕಂದು.

ಎಂಟನ್ನೂ ಬೆರಳಲ್ಲಿ ಎಳೆದೆಳೆದು ನೇರ ಮಾಡಿ, ಒತ್ತಾಗಿ ಹಿಡಿದು, ಸಿಪ್ಪೆಯ ಅಂಚಿನಿಂದ 13 ಮಿಲಿಮೀಟರ್ ಬಿಟ್ಟು ಒಂದೇ ಏಟಿಗೆ ಅಡ್ಡಕ್ಕೆ ಕತ್ತರಿಸಿ. ಈ 13 ಮಿಲಿಮೀಟರ್, ಅಂದರೆ ಅರ್ಧ ಇಂಚು, ಕ್ಯಾಟ್5ಇಯಲ್ಲಿ ಹುರಿ ಬಿಚ್ಚಲು ಇರುವ ಗರಿಷ್ಠ ಮಿತಿಯೂ ಹೌದು. ಹೆಚ್ಚು ಬಿಚ್ಚಿದರೆ ಅಷ್ಟು ಉದ್ದಕ್ಕೆ ಜೋಡಿ ಒಡೆದ ಹಾಗೆಯೇ. ಕಡಿಮೆ ಬಿಟ್ಟರೆ ತಂತಿಗಳು ಪ್ಲಗ್ಗಿನ ಮುಂದಿನ ಗೋಡೆ ಮುಟ್ಟುವುದಿಲ್ಲ.

ಪ್ಲಗ್ಗಿನ ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಪಿನ್ ಮೇಲೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಆಗ ಎಡಗಡೆಯ ಮೊದಲ ಪಿನ್ನೇ 1, ಅಲ್ಲಿಗೆ ಬಿಳಿ-ಕಿತ್ತಳೆ. ಒಂದೊಂದು ತಂತಿಯ ಬಣ್ಣದ ಪದರ ಸುಲಿಯಬೇಕಿಲ್ಲ. ಒತ್ತಿದಾಗ ಪಿನ್ನಿನ ಹಲ್ಲು ಪದರವನ್ನು ತೂರಿ ತಾಮ್ರ ಹಿಡಿಯುತ್ತದೆ. ಒಳಗೆ ತಳ್ಳುವಾಗ ಹೆಚ್ಚಾಗಿ ಜಾರುವುದು ಹಸಿರು. ನೀಲಿ ಜೋಡಿಯನ್ನು ದಾಟಿ ಬಂದ ಕಾರಣ ಅದು ತನ್ನ ಹಳೆಯ ಬಾಗಿಗೆ ತಿರುಗಿ ಬಿಳಿ-ನೀಲಿಯ ಕಾಲುವೆಗೆ ನುಗ್ಗುತ್ತದೆ. ಒತ್ತುವ ಮುಂಚೆ ಮೂರು ಕಡೆ ನೋಡಿ: ಮೇಲಿನಿಂದ ಎಂಟೂ ಬಣ್ಣ, ಎದುರಿನಿಂದ ಎಂಟು ತಾಮ್ರದ ಚುಕ್ಕಿಗಳು ಗೋಡೆಗೆ ತಾಗಿ ಮಿನುಗುವುದು, ಹಿಂದಿನಿಂದ ಹೊರಸಿಪ್ಪೆ ಪ್ಲಗ್ಗಿನೊಳಗೆ ಬೆಣೆಯ ಕೆಳಗೆ ಬಂದಿರುವುದು. ಸಿಪ್ಪೆ ಒಳಗೆ ಬಂದಿಲ್ಲವಾದರೆ ಎಳೆತವೆಲ್ಲ ಎಂಟು ತಂತಿಗಳ ಮೇಲೆ ಬೀಳುತ್ತದೆ, ಕೆಲವೇ ತಿಂಗಳಲ್ಲಿ ಒಂದು ಕಳಚುತ್ತದೆ. ಸರಿ ಕಂಡಮೇಲೆ ಕ್ರಿಂಪರ್‌ನಲ್ಲಿಟ್ಟು ಕೊನೆಯವರೆಗೆ ಒತ್ತಿ. ಅರ್ಧ ಒತ್ತಿದ ಪಿನ್ ಪ್ಲಾಸ್ಟಿಕ್ಕಿನ ಮಟ್ಟಕ್ಕಿಂತ ಮೇಲೆ ನಿಂತಿರುತ್ತದೆ, ಅದು ಪೋರ್ಟಿನ ಒಳಗಿನ ಸ್ಪ್ರಿಂಗ್ ತಂತಿಯನ್ನು ಬಾಗಿಸಿ ಹಾಳುಮಾಡಬಲ್ಲದು.

ಪ್ಲಗ್ ಕೊಳ್ಳುವಾಗ ಗಟ್ಟಿ ತಂತಿಯದೋ, ಹಲವು ನವಿರು ಎಳೆಗಳು ಸೇರಿದ ಎಳೆ ತಂತಿಯದೋ ಎಂದು ಕೇಳಿ. ಗೋಡೆ ಮೇಲೆ ಎಳೆಯುವ ಕೇಬಲ್‌ನ ಪ್ರತಿ ತಂತಿಯಲ್ಲೂ ಒಂದೇ ಗಟ್ಟಿ ತಾಮ್ರ ಇರುತ್ತದೆ, ಅದನ್ನು ಎರಡೂ ಪಕ್ಕದಿಂದ ಕಚ್ಚುವ ಹಲ್ಲು ಬೇಕು. ಎಳೆ ತಂತಿಯ ಹಲ್ಲು ನಡುವೆ ಚುಚ್ಚುತ್ತದೆ, ಗಟ್ಟಿ ತಂತಿಯಲ್ಲಿ ಅದು ಪಕ್ಕಕ್ಕೆ ಸರಿದು ಸಡಿಲವಾಗುತ್ತದೆ. ತಂತಿ ಹೊರಗೆ ಹಾದು ಬರುವ ತೂತಿನ ಪ್ಲಗ್‌ಗಳೂ ಸಿಗುತ್ತವೆ, ಅವುಗಳಲ್ಲಿ ಕ್ರಮ ಕಣ್ಣಿಗೆ ಕಾಣುವುದರಿಂದ ಹೊಸಬರಿಗೆ ಅನುಕೂಲ. ಆದರೆ ಒತ್ತುವಾಗಲೇ ತುದಿ ಕತ್ತರಿಸುವ ಬ್ಲೇಡ್ ಇರುವ ಕ್ರಿಂಪರ್ ಬೇಕು. ಬ್ಲೇಡ್ ಮೊಂಡಾಗಿದ್ದರೆ ತಾಮ್ರದ ತುಣುಕು ಮುಂದೆ ಉಳಿದು ಪಕ್ಕದ ತುದಿಗೆ ತಾಗುತ್ತದೆ.

ಬೇರೆ ದಾರಿಗಳು, ಅವುಗಳ ಅಪಾಯ

ಒಂದು ತುದಿ ಮಾತ್ರ ಬದಲಿಸಿ ನೋಡೋಣ ಎಂದು ಹೊರಡಬೇಡಿ. ಆಗ ಹಳೆಯ ತುದಿಯ 4ರ ಹಸಿರು ಹೊಸ ತುದಿಯ 6ಕ್ಕೂ, 6ರ ನೀಲಿ 4ಕ್ಕೂ ಹೋಗುತ್ತದೆ. 3-6 ದಾರಿಯೇ ತಪ್ಪಿ ಈಗ ಬರುತ್ತಿರುವಷ್ಟು ನೆಟ್ಟೂ ಬರುವುದಿಲ್ಲ. ಟೆಸ್ಟರ್‌ನಲ್ಲಿ 4 ಮತ್ತು 6ರ ದೀಪ ಅದಲುಬದಲಾಗಿ ಕಾಣುತ್ತದೆ. ಆ ಕೇಬಲ್‌ನಲ್ಲಿ ಕ್ಯಾಮೆರಾಗೋ ವೈಫೈ ಹರಡುವ ಆಕ್ಸೆಸ್ ಪಾಯಿಂಟ್‌ಗೋ ಕರೆಂಟ್ ಕಳಿಸುವ ಅಗ್ಗದ ಅಡಾಪ್ಟರ್ ಇದ್ದರೆ, ಎರಡೂ ತುದಿ ಮುಗಿದು ಟೆಸ್ಟರ್‌ನಲ್ಲಿ ನೋಡುವ ತನಕ ಅದನ್ನು ಕಳಚಿಡಿ. ಎದುರಿನ ಉಪಕರಣವನ್ನು ಕೇಳದೆ 4-5 ಮತ್ತು 7-8ರಲ್ಲಿ ಕರೆಂಟ್ ತಳ್ಳುವ ಅಡಾಪ್ಟರ್ ಅದು, ತಪ್ಪು ಪಿನ್ನಿಗೆ ಹೋದರೆ ಪೋರ್ಟ್ ಸುಡಬಹುದು. ಎರಡೂ ತುದಿಯಲ್ಲಿ ಒಂದೇ ಥರ ಒಡೆದಿರುವ ಕೇಬಲ್‌ನಲ್ಲಿ ಮಾತ್ರ ಕರೆಂಟ್ ಸರಿಯಾಗಿಯೇ ತಲುಪುತ್ತದೆ. ಕ್ಯಾಮೆರಾದ ಕೆಂಪು ದೀಪಗಳು ಹತ್ತಿವೆ, ಚಿತ್ರ ಮಾತ್ರ ಒಡೆದೊಡೆದು ಬರುತ್ತಿದೆ ಎಂದರೆ ಇದನ್ನೂ ಶಂಕಿಸಬೇಕು.

ಪ್ಲಗ್ ಸಿಗುವ ತನಕ ಕೆಲಸ ನಡೆಯಬೇಕಿದ್ದರೆ, ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ವೇಗದ ಆಯ್ಕೆಯನ್ನು 100ಕ್ಕೆ ಇಳಿಸಬಹುದು. 4-5 ಸುಮ್ಮನಾಗುವುದರಿಂದ ಲಿಂಕ್ ಹೋಗಿ ಬರುವುದು ನಿಲ್ಲಬಹುದು. ಪ್ಯಾಕೆಟ್ ಇನ್ನೂ ಕಳೆಯುತ್ತಿದ್ದರೆ 10ಕ್ಕೆ ಇಳಿಸಿ ನೋಡಿ, 3–4ರ ಬದಲು ಗಟ್ಟಿಯಾಗಿ 9ರ ಹತ್ತಿರ ಸಿಕ್ಕರೂ ಸಿಗಬಹುದು. ಕೈಯಿಂದ ವೇಗ ಗೊತ್ತುಮಾಡಿದಾಗ ಒಂದು ಕಡೆ ಕಳಿಸುವುದು ಕೇಳುವುದು ಒಟ್ಟಿಗೇ ನಡೆಯುವ ಫುಲ್ ಡ್ಯುಪ್ಲೆಕ್ಸ್, ಇನ್ನೊಂದು ಕಡೆ ಸರದಿಯಂತೆ ನಡೆಯುವ ಹಾಫ್ ಆಗಿ ಹೊಸ ತೊಂದರೆ ಹುಟ್ಟುತ್ತದೆ, ಆದ್ದರಿಂದ ರೂಟರ್ ಕಡೆ ಬದಲಿಸಲು ಬಾರದಿದ್ದರೆ ಹಾಫ್ ಆಯ್ಕೆ ಮಾಡಿ. ಕೆಲಸ ಮುಗಿದ ಮೇಲೆ ಮತ್ತೆ ಆಟೋಗೆ ತರುವುದನ್ನು ಮರೆಯಬೇಡಿ.

ಮಹಡಿ ಕೋಣೆಯಲ್ಲಿ ಕೇಬಲ್ ಕಾಯಂ ಇರುವುದಾದರೆ ಪ್ಲಗ್ಗಿನ ಬದಲು ಗೋಡೆಗೆ ನೆಟ್‌ವರ್ಕ್ ಜಾಕ್ ಇರುವ ಐಒ ಬಾಕ್ಸ್ ಹಾಕಿ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ರೆಡಿಮೇಡ್ ಪ್ಯಾಚ್ ಕಾರ್ಡ್ ಬಳಸುವುದು ನನಗೆ ಹೆಚ್ಚು ಇಷ್ಟ. ಗಟ್ಟಿ ತಂತಿ ಪದೇ ಪದೇ ಬಾಗಿದರೆ ಮುರಿಯುತ್ತದೆ, ಬಾಕ್ಸ್‌ನಲ್ಲಿ ಅದು ಅಲುಗದೆ ಕೂರುತ್ತದೆ. ಜಾಕಿನ ಮೈಮೇಲೆ ಬಣ್ಣಗಳ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬಿ ಸಾಲನ್ನು ನೋಡಿ ಒತ್ತಿ. ಪ್ಲಗ್ಗಿನ 1ರಿಂದ 8ರ ಕ್ರಮ ಅಲ್ಲಿ ಕಾಣುವುದಿಲ್ಲ. ಸಾಮಾನ್ಯವಾಗಿ ಜೋಡಿಯ ಎರಡು ತಂತಿಗಳು ಅಕ್ಕಪಕ್ಕದ ಸೀಳಿಗೆ ಬರುತ್ತವೆ, ದಾಟಿಸುವ ಕೆಲಸವನ್ನು ಜಾಕ್ ಒಳಗೇ ಮಾಡಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲೂ ಬಿ ಕ್ರಮವೇ ಇರಲಿ.

ಕೇಬಲ್ ಒಂದೇ ಮನೆಯ ಮಾಡಿನ ಕೆಳಗೆ ಓಡಿದ್ದರೆ ಇಷ್ಟು ಸಾಕು. ಅಂಗಳ ದಾಟಿ ಬೇರೆ ಕಟ್ಟಡಕ್ಕೋ ಅಡಿಕೆ ಮನೆಗೋ ಹೋಗಿದ್ದರೆ ಮಾತ್ರ, ಪ್ಲಗ್ ಎಷ್ಟೇ ಚೆನ್ನಾಗಿ ಹಾಕಿದರೂ ಮುಂಗಾರು ಪೂರ್ವದ ಸಿಡಿಲಿಗೆ ಅದು ದಾರಿಯಾಗುತ್ತದೆ. ಹೊರಗಿನ ಆ ಭಾಗಕ್ಕೆ ಲೋಹದ ತಂತಿ ಇಲ್ಲದ ಫೈಬರ್ ಎಳೆದು ಎರಡೂ ಕಡೆ ಫೈಬರನ್ನು ತಂತಿಯ ಕೇಬಲ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಡುವುದು ಸರಿಯಾದ ಪರಿಹಾರ.

ಎರಡೂ ತುದಿ ಮುಗಿದ ಮೇಲೆ ಟೆಸ್ಟರ್‌ನಲ್ಲಿ 1ರಿಂದ 8 ಓಡಿಸಿ, ಆಮೇಲೆ ಮೇಲಿನ ದೊಡ್ಡ ಪಿಂಗ್ ಮತ್ತೆ ಕೊಡಿ. ರೂಟರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಗಿಗಾಬಿಟ್ ಪೋರ್ಟ್ ಇದ್ದರೆ `LinkSpeed` 1 Gbps ತೋರಿಸಬೇಕು, ಇನ್ನೂರಕ್ಕೆ ಇನ್ನೂರೂ ಬರಬೇಕು. 40 ಮೀಟರ್ ಏನೂ ದೂರವಲ್ಲ, ಈ ಕೇಬಲ್‌ಗೆ 100 ಮೀಟರ್ ತನಕ ಅವಕಾಶ ಇದೆ. ಕ್ರಮ ಸರಿಯಾದ ಮೇಲೂ ಪ್ಯಾಕೆಟ್ ಕಳೆಯುತ್ತಿದ್ದರೆ ಕತ್ತರಿಸಿದ ಒಂದು ತುಂಡು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ಕೆಂಪು, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಹಾಗಿದ್ದರೆ ಮಾತ್ರ ಕೇಬಲ್ ಬದಲಿಸುವ ಮಾತು ಬರುತ್ತದೆ, ಅಂಗಡಿಯಲ್ಲಿ ಪೂರ್ತಿ ತಾಮ್ರದ ಕ್ಯಾಟ್5ಇ ಎಂದೇ ಕೇಳಿ. ಟಿವಿಗೋ ಕ್ಯಾಮೆರಾಗೋ ನೀವು ಇದೇ ಕ್ರಮದಲ್ಲಿ ಹಾಕಿದ ಬೇರೆ ಕೇಬಲ್‌ಗಳಿದ್ದರೆ, ಸದ್ಯ ಓಡುತ್ತಿದ್ದರೂ ಅವುಗಳ ಪ್ಲಗ್ಗನ್ನೂ ಈ ಸಲವೇ ಬದಲಿಸಿಬಿಡಿ.